ಬಜೆಟ್ ಕಳಿಸುವ ಮುನ್ನ ಈ ಕ್ರಮದಲ್ಲಿ ಒಮ್ಮೆ ನೋಡಿ

ಅನುದಾನಕ್ಕೆ ಅರ್ಜಿ ಹಾಕುವ ಸಣ್ಣ ಸಂಸ್ಥೆಗಳಲ್ಲಿ ಬಜೆಟ್ ಹಾಳೆ ಕೊನೆಯ ಸಂಜೆವರೆಗೂ ಬದಲಾಗುತ್ತಲೇ ಇರುತ್ತದೆ. ಒಬ್ಬರು ಸಂಬಳ ತಿದ್ದುತ್ತಾರೆ, ಇನ್ನೊಬ್ಬರು ಒಂದು ಸಾಲು ಸೇರಿಸುತ್ತಾರೆ, ಮತ್ತೊಬ್ಬರು ಹಳೆಯ ಫೈಲಿನಿಂದ ಏನೋ ತಂದು ಅಂಟಿಸುತ್ತಾರೆ. ತಪ್ಪು ನುಸುಳುವುದು ಅಲ್ಲೇ. ಆಮೇಲೆ ಮೇಲಿಂದ ಕೆಳಗೆ ಕಣ್ಣಾಡಿಸಿದರೆ ಅದು ಸಿಗುವುದಿಲ್ಲ, ಏಕೆಂದರೆ ಅಂಕಿಗಳೆಲ್ಲ ನೋಡೋಕೆ ಸರಿಯಾಗೇ ಇರುತ್ತವೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹಳ್ಳಿ ಮಕ್ಕಳಿಗೆ ಸಂಜೆ ಹೊತ್ತಿನ 10 ಕಲಿಕಾ ಕೇಂದ್ರ ನಡೆಸಲು ಒಂದು ಸಂಸ್ಥೆ ಒಂದು ವರ್ಷದ ಹಣ ಕೇಳುತ್ತಿದೆ. ಹಣ ಕೊಡುವವರ ಷರತ್ತು ಎರಡು. ಒಟ್ಟು 20 ಲಕ್ಷ ದಾಟಬಾರದು. ಆಡಳಿತ ವೆಚ್ಚ, ಕಾರ್ಯಕ್ರಮದ ವೆಚ್ಚದ ಶೇ 10 ದಾಟಬಾರದು. ಬಜೆಟ್ ಫೈಲಿನಲ್ಲಿ ಸಿಬ್ಬಂದಿ, ಚಟುವಟಿಕೆ, ಕಚೇರಿ ಅಂತ ಮೂರು ಶೀಟು, ಅವುಗಳ ಮೊತ್ತ ಬಂದು ಸೇರುವ ಸಾರಾಂಶದ ಶೀಟು ಒಂದು. ಸಾರಾಂಶದಲ್ಲಿ ಒಟ್ಟು 19,84,000 ಅಂತ ಬಂದಿದೆ. ಮಿತಿಯೊಳಗೇ ಇದೆ, ಎಲ್ಲರಿಗೂ ಸಮಾಧಾನ.

ಮೊದಲು ಕೂಡುವ ಲೆಕ್ಕ

ಫೈಲಿನ ಒಂದು ನಕಲು ಮಾಡಿಕೊಂಡು ಅದರಲ್ಲೇ ಪರೀಕ್ಷೆ ಮಾಡಿ. ಎಕ್ಸೆಲ್‌ನಲ್ಲಿ `Ctrl` ಒತ್ತಿ ಹಿಡಿದು, 1ರ ಎಡಗಡೆ ಇರುವ ಕೀ ಒತ್ತಿದರೆ ಅಂಕಿಗಳ ಜಾಗದಲ್ಲಿ ಸೂತ್ರಗಳು ಕಾಣುತ್ತವೆ. ಸೂತ್ರ ಇರಬೇಕಾದ ಕಡೆ ಬರೀ ಅಂಕಿ ಕೂತಿದ್ದರೆ ಅದನ್ನು ಯಾರೋ ಕೈಯಲ್ಲಿ ಟೈಪ್ ಮಾಡಿದ್ದಾರೆ ಅಂತ ಅರ್ಥ. ಮುಂದೆ ಸಂಬಳ ಬದಲಾದರೂ ಆ ಮೊತ್ತ ಅಲ್ಲಾಡುವುದಿಲ್ಲ.

ಆಮೇಲೆ ಪ್ರತಿ ಮೊತ್ತದ ಸೂತ್ರ ಯಾವ ಸಾಲಿನಿಂದ ಯಾವ ಸಾಲಿನವರೆಗೆ ಕೂಡುತ್ತಿದೆ ನೋಡಿ. ನಮ್ಮ ಉದಾಹರಣೆಯ ತಪ್ಪು ಇರುವುದು ಇಲ್ಲೇ. ಚಟುವಟಿಕೆ ಶೀಟಿನಲ್ಲಿ ಮೊದಲು ನಾಲ್ಕೇ ಸಾಲು ಇದ್ದವು. ಪುಸ್ತಕದ ಕಪಾಟುಗಳಿಗೆ 60,000 ಅಂತ ಐದನೆಯ ಸಾಲನ್ನು ಮೊತ್ತದ ಮೇಲೆ ಸೇರಿಸಿದರು. ಹೀಗೆ ತುದಿಯಲ್ಲಿ ಸಾಲು ಸೇರಿಸಿದಾಗ ಸೂತ್ರ ಕೆಲವೊಮ್ಮೆ ತಾನಾಗಿ ಹಿಗ್ಗುತ್ತದೆ, ಕೆಲವೊಮ್ಮೆ ಇಲ್ಲ. ಇಲ್ಲಿ ಹಿಗ್ಗಲಿಲ್ಲ. `=SUM(E2:E6)` ಇರಬೇಕಾದ ಕಡೆ `=SUM(E2:E5)` ಉಳಿದುಬಿಟ್ಟಿದೆ. ಕಪಾಟು ಪಟ್ಟಿಯಲ್ಲಿದೆ, ಮೊತ್ತದಲ್ಲಿ ಇಲ್ಲ.

ಇನ್ನೊಂದು, ಪಠ್ಯವಾಗಿ ಕೂತ ಅಂಕಿ. ಇಮೇಲ್‌ನಿಂದ ಅಂಟಿಸಿದ ಅಂಕಿ ಸೆಲ್ಲಿನ ಎಡಕ್ಕೆ ವಾಲಿದ್ದರೆ ಅನುಮಾನ ಪಡಿ. `SUM` ಅಂಥ ಸೆಲ್ಲನ್ನು ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ.

ಶೀಟುಗಳ ನಡುವಿನ ಕೊಂಡಿ

ಇಲ್ಲಿ ನನಗೆ ಜಾಸ್ತಿ ನಂಬಿಕೆ ಇರುವುದು ಒಂದು ಸರಳ ಪರೀಕ್ಷೆಯ ಮೇಲೆ. ಸಿಬ್ಬಂದಿ ಶೀಟಿನಲ್ಲಿ 10 ಬೋಧಕರಿಗೆ ತಿಂಗಳಿಗೆ 8,000ದಂತೆ 12 ತಿಂಗಳು ಅಂತ ಇದೆ. ಆ 8,000ವನ್ನು 8,001 ಮಾಡಿ. ಸಾರಾಂಶದ ಒಟ್ಟು ಮೊತ್ತ ಸರಿಯಾಗಿ 120 ಏರಬೇಕು. ಏರದಿದ್ದರೆ ಕೊಂಡಿ ಎಲ್ಲೋ ತುಂಡಾಗಿದೆ. 240 ಏರಿದರೆ ಆ ಸಾಲು ಎರಡು ಕಡೆ ಸೇರಿಕೊಂಡಿದೆ. ಪ್ರತಿ ಶೀಟಿನಲ್ಲಿ ಒಂದೆರಡು ಸಾಲಿಗಾದರೂ ಹೀಗೆ ಮಾಡಿ, ನೋಡಿದ ಮೇಲೆ ವಾಪಸ್ ಹಾಕಿ.

ಸಾರಾಂಶದ ಪಕ್ಕದಲ್ಲಿ ಒಂದು ತಾಳೆ ನೋಡುವ ಸೆಲ್ಲು ಇಡಿ. ಅದು ಶೀಟುಗಳ ಮೊತ್ತವನ್ನು ನಂಬದೆ ಸಾಲುಗಳನ್ನೇ ಹೊಸದಾಗಿ ಕೂಡಬೇಕು. ಕೆಳಗಿನ ಸೂತ್ರದಲ್ಲಿ ಸಾರಾಂಶ, ಸಿಬ್ಬಂದಿ, ಚಟುವಟಿಕೆ, ಕಚೇರಿ ಶೀಟುಗಳಿಗೆ ಇಂಗ್ಲಿಷ್ ಹೆಸರು ಇದೆ, B6 ಅಂದರೆ ಒಟ್ಟು ಮೊತ್ತದ ಸೆಲ್ಲು:

```
=Summary!B6-(SUM(Staff!E2:E4)+SUM(Activity!E2:E6)+SUM(Office!E2:E4))
```

ಉತ್ತರ 0 ಬರಬೇಕು. ನಮ್ಮ ಉದಾಹರಣೆಯಲ್ಲಿ -60000 ಬರುತ್ತದೆ, ಅಂದರೆ ಕಪಾಟಿನ ಹಣ. ಸೂತ್ರ ಸರಿಪಡಿಸಿದರೆ ನಿಜವಾದ ಒಟ್ಟು 20,44,000. ಮಿತಿ ದಾಟಿತು. ಮಿತಿಯನ್ನು ಕೊನೆಗೆ ನೋಡಬೇಕು ಅನ್ನುವುದು ಇದಕ್ಕೇ. ಕೂಡಿದ್ದೇ ತಪ್ಪಾಗಿದ್ದರೆ ಮಿತಿಯೊಳಗೆ ಇದ್ದೇವೆ ಅನ್ನುವ ಮಾತಿಗೆ ಅರ್ಥ ಇಲ್ಲ, ಅಲ್ವಾ?

ಹಾಗೇ `Ctrl+F` ಒತ್ತಿ ಇಡೀ ಫೈಲಿನ ಸೂತ್ರಗಳಲ್ಲಿ `[` ಹುಡುಕಿ. ಸಿಕ್ಕರೆ, ಹೋದ ವರ್ಷದ ಯಾವುದೋ ಫೈಲಿನಿಂದ ಅಂಕಿ ಎಳೆದುಕೊಳ್ಳುತ್ತಿರುವ ಸಾಧ್ಯತೆ ಇದೆ.

ಯಾವ ಖರ್ಚು ಒಪ್ಪಿತ

ಹಣ ಕೊಡುವವರ ಮಾರ್ಗಸೂಚಿಯನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿ ಸಾಲನ್ನೂ ಕೇಳಿ: ಇದಕ್ಕೆ ಹಣ ಕೊಡುತ್ತಾರಾ, ಈ ದರಕ್ಕೆ ಆಧಾರ ಇದೆಯಾ? 10 ಟ್ಯಾಬ್ಲೆಟ್‌ಗೆ ತಲಾ 14,000 ಅಂತ ಬರೆದಿದ್ದೀರಿ. ಕೊಟೇಶನ್‌ನಲ್ಲಿ ಆ 14,000 ಜಿಎಸ್‌ಟಿ ಸೇರಿದ ದರವಾ? ಸೇರದಿದ್ದರೆ ಶೇ 18 ಕೂಡಿ ಒಂದಕ್ಕೆ 16,520 ಆಗುತ್ತದೆ, ಹತ್ತಕ್ಕೆ 25,200 ಕಮ್ಮಿ ಬೀಳುತ್ತದೆ. ಜಿಎಸ್‌ಟಿ ನೋಂದಣಿ ಇಲ್ಲದ ಸಂಸ್ಥೆಗೆ ಆ ತೆರಿಗೆ ವಾಪಸ್ ಬರುವುದಿಲ್ಲ, ಹಾಗಾಗಿ ಅದೂ ಖರ್ಚೇ. ಇಲ್ಲಿ ಸೇರಿದೆ ಅಂತಿಟ್ಟುಕೊಳ್ಳೋಣ.

ಹಂಚಿಕೊಂಡ ಖರ್ಚಿನ ಮೇಲೆ ಹೆಚ್ಚು ಗಮನ ಇರಲಿ. ಅಕೌಂಟೆಂಟ್ ಸಂಬಳ 24,000, ಅದರಲ್ಲಿ ಶೇ 25 ಈ ಯೋಜನೆಗೆ, ವರ್ಷಕ್ಕೆ 72,000. ಈ 25 ಎಲ್ಲಿಂದ ಬಂತು? ಅವರು ಈ ಕೆಲಸಕ್ಕೆ ಕೊಡುವ ಸಮಯಕ್ಕೆ ಅದು ಹೊಂದಬೇಕು. ಉಳಿದ ಯೋಜನೆಗಳ ಬಜೆಟ್‌ಗಳನ್ನೂ ತೆಗೆದು ಕೂಡಿ ನೋಡಿ. ಒಬ್ಬರೇ ವ್ಯಕ್ತಿ ಎಲ್ಲ ಸೇರಿ ಶೇ 120 ಆಗಿದ್ದರೆ ಒಂದೇ ಸಂಬಳವನ್ನು ಇಬ್ಬರ ಹತ್ತಿರ ಕೇಳಿದ ಹಾಗೆ. ಆಡಿಟ್‌ನಲ್ಲಿ ಸಿಕ್ಕಿಬಿದ್ದರೆ ಹಣ ವಾಪಸ್ ಕಟ್ಟಬೇಕಾಗಬಹುದು. ಕಚೇರಿ ಬಾಡಿಗೆಗೂ ಇದೇ ಪರೀಕ್ಷೆ.

ಈಗ ಮಿತಿ

ಶೇ 10 ಅಂದಾಗ ಯಾವುದರ ಶೇ 10 ಅಂತ ಮೊದಲು ಓದಿ. ನಮ್ಮ ಬಜೆಟ್‌ನಲ್ಲಿ ಅಕೌಂಟೆಂಟ್ ಪಾಲು 72,000, ಬಾಡಿಗೆ 72,000, ಫೋನ್ ಮತ್ತು ಸ್ಟೇಷನರಿ 24,000, ಆಡಿಟ್ 20,000. ಒಟ್ಟು ಆಡಳಿತ 1,88,000. ಅಕೌಂಟೆಂಟ್ ಸಿಬ್ಬಂದಿ ಶೀಟಿನಲ್ಲಿದ್ದಾರೆ, ಆದರೂ ಅದು ಆಡಳಿತವೇ, ಮರೆಯಬೇಡಿ. ಇಡೀ 20,44,000ಕ್ಕೆ ಹೋಲಿಸಿದರೆ ಇದು ಸುಮಾರು ಶೇ 9.2, ಪಾಸ್. ಆದರೆ ಷರತ್ತು ಹೇಳುವುದು ಕಾರ್ಯಕ್ರಮದ ವೆಚ್ಚದ ಶೇ 10. ಆಡಳಿತ ಕಳೆದರೆ ಕಾರ್ಯಕ್ರಮ 18,56,000, ಅದರ ಶೇ 10 ಅಂದರೆ 1,85,600. ನಾವು 2,400 ಮೇಲಿದ್ದೇವೆ.

ಒಟ್ಟು ಮಿತಿಗೆ ಇಳಿಸಲು ಕಲಿಕಾ ಸಾಮಗ್ರಿಯನ್ನು 250 ಮಕ್ಕಳಿಗೆ ತಲಾ 1,200ರಿಂದ 1,000ಕ್ಕೆ ತಂದರೆ 50,000 ಉಳಿಯುತ್ತದೆ, ಒಟ್ಟು 19,94,000. ಆದರೆ ಕಾರ್ಯಕ್ರಮ 18,06,000ಕ್ಕೆ ಇಳಿದಿದ್ದರಿಂದ ಆಡಳಿತದ ಮಿತಿಯೂ 1,80,600ಕ್ಕೆ ಇಳಿಯುತ್ತದೆ, ಈಗ 7,400 ಮೇಲೆ! ಒಂದು ಮಿತಿ ಸರಿಮಾಡಿದ ಮೇಲೆ ಇನ್ನೊಂದನ್ನು ಮತ್ತೆ ನೋಡಲೇಬೇಕು. ಫೋನ್, ಸ್ಟೇಷನರಿಗೆ ತಿಂಗಳಿಗೆ 2,000ದ ಬದಲು 1,250 ಕೇಳಿ, ಉಳಿದದ್ದನ್ನು ಸಂಸ್ಥೆಯೇ ಭರಿಸಿದರೆ ಆಡಳಿತ 1,79,000, ಒಟ್ಟು 19,85,000. ಎರಡೂ ಮಿತಿಯೊಳಗೆ ಬಂತು. ಅಕೌಂಟೆಂಟ್ ಪಾಲನ್ನು ಮಾತ್ರ ಲೆಕ್ಕ ಹೊಂದಿಸೋಕೆ ಅಂತ ಇಳಿಸಬೇಡಿ, ಅದು ಸಮಯದ ಲೆಕ್ಕ.

ಕಾನೂನಿನ ಮಿತಿಗಳನ್ನೂ ಬೆರೆಸಬೇಡಿ. ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಯ 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು. ಅದು ವಿದೇಶಿ ಹಣಕ್ಕೆ ಮಾತ್ರ, ಮತ್ತು ಸಂಸ್ಥೆಯ ಇಡೀ ಆರ್ಥಿಕ ವರ್ಷಕ್ಕೆ. ಕಂಪನಿಗಳು ಸಮಾಜಕ್ಕಾಗಿ ಮಾಡುವ ಖರ್ಚಿನ, ಅಂದರೆ ಸಿಎಸ್‌ಆರ್ ನಿಯಮದ ಶೇ 5 ಮಿತಿ ಕಂಪನಿಯ ಸ್ವಂತ ಆಡಳಿತ ಖರ್ಚಿಗೆ, ನಿಮ್ಮ ಸಂಸ್ಥೆಯದಕ್ಕಲ್ಲ. ನಿಮಗೆ ಎಷ್ಟು ಅಂತ ಕಂಪನಿ ತನ್ನ ಮಾರ್ಗಸೂಚಿಯಲ್ಲಿ ಬೇರೆಯಾಗಿ ಹೇಳಬಹುದು, ಅದನ್ನೇ ಓದಿ.

ಇಷ್ಟಾದ ಮೇಲೆ ಪ್ರಸ್ತಾವನೆಯ ಬರಹ ತೆಗೆಯಿರಿ. ಕೇಂದ್ರ 10, ಮಕ್ಕಳು 250, ಬೋಧಕರು 10, ತರಬೇತಿ ಎಷ್ಟು ಸಲ, ಎಲ್ಲ ಬಜೆಟ್‌ಗೆ ತಾಳೆಯಾಗಬೇಕು. ಈ ಕೆಲಸ ಬಜೆಟ್ ಮಾಡದವರಿಗೆ ಕೊಡಿ, ಅವರು ಬರಹ ಓದಿ ಹೇಳಲಿ, ನೀವು ಶೀಟು ನೋಡಿ. ಪೋರ್ಟಲ್‌ನಲ್ಲಿ ಟೈಪ್ ಮಾಡಿದ 19,85,000 ಮತ್ತು ಪಿಡಿಎಫ್‌ನ ಒಟ್ಟು ಒಂದೇನಾ ಅಂತ ನೋಡಿ, ಪಿಡಿಎಫ್‌ನಲ್ಲಿ ಬಲಗಡೆಯ ಮೊತ್ತದ ಕಾಲಂ ತುಂಡಾಗಿಲ್ಲ ಅಂತಲೂ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಕಳಿಸಿ.