ಫೋಟೊದ ಹರಿದ ಬಾವುಟ ಬದಲಿಸುವುದು ಹೇಗೆ? ಹಳೆ ಬಟ್ಟೆಯ ನೆರಿಗೆಯೇ ದಾರಿ

ಅಕ್ಟೋಬರ್ ಕೊನೆಯ ವಾರ. ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಗೆ ಊರಿನ ಬಸ್ ಸ್ಟ್ಯಾಂಡ್ ಮುಂದಿನ ಬಾವುಟ ಕಂಬದ ಫೋಟೊ ಬೇಕು. ಫೋಟೊ ಚೆನ್ನಾಗಿದೆ: ಬೆಳಗಿನ ಬಿಸಿಲು, ತಿಳಿ ಆಕಾಶ, ಪಕ್ಕದಲ್ಲಿ ತೆಂಗಿನ ಮರ. ಆದರೆ ಕಳೆದ ನವೆಂಬರ್‌ನಲ್ಲಿ ಏರಿಸಿದ ಬಾವುಟ ವರ್ಷವಿಡೀ ಬಿಸಿಲು ಮಳೆಗೆ ಒಡ್ಡಿಕೊಂಡಿದೆ. ಕುಂಕುಮದ ಕೆಂಪು ಗುಲಾಬಿಯಾಗಿದೆ, ಅರಿಶಿನ ಬೆಳ್ಳಗಾಗಿದೆ, ಗಾಳಿಗೆ ಬಡಿದುಕೊಳ್ಳುವ ತುದಿ ಮೂರನೇ ಒಂದು ಪಾಲು ಹರಿದುಹೋಗಿದೆ.

ಇಂಥ ಫೋಟೊ ಕೈಗೆ ಬಂದಾಗ ಹೆಚ್ಚಿನವರು ಹಳೆ ಬಾವುಟವನ್ನು ಅಳಿಸಿ, ನೆಟ್‌ನಲ್ಲಿ ಸಿಕ್ಕ ಹೊಸ ಬಾವುಟವನ್ನು ತಂದು ಅಂಟಿಸುತ್ತಾರೆ. ಅದು ಸ್ಟಿಕರ್ ಹಾಗೆಯೇ ಕಾಣುತ್ತದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಬಿಸಿಲು ಎಲ್ಲಿ ಬಿದ್ದಿತ್ತು, ಬಟ್ಟೆ ಎಲ್ಲಿ ಮಡಚಿಕೊಂಡಿತ್ತು ಎನ್ನುವುದೆಲ್ಲ ಆ ಹರಿದ ಬಟ್ಟೆಯಲ್ಲೇ ಇದೆ. ಅದನ್ನು ಅಳಿಸಿದರೆ ಎಲ್ಲವನ್ನೂ ಊಹಿಸಿ ಮತ್ತೆ ಬರೆಯಬೇಕು. ಹಾಗಾಗಿ ಹಳೆ ಬಾವುಟದ ಬಣ್ಣವನ್ನು ಬಿಟ್ಟು, ಅದರ ನೆರಿಗೆಯನ್ನು ಉಳಿಸಿಕೊಳ್ಳುವ ದಾರಿ ಇಲ್ಲಿದೆ. ಹೇಳುತ್ತಿರುವುದು ಫೋಟೊಶಾಪ್‌ನ ಹೆಸರುಗಳಲ್ಲಿ.

ಮೊದಲು ಫೋಟೊ ನೋಡಿ

ಮೌಸ್ ಹಿಡಿಯುವ ಮೊದಲು ಎರಡು ನಿಮಿಷ ಸುಮ್ನೆ ನೋಡಿ. ಕಂಬದ ನೆರಳು ಯಾವ ಕಡೆ ಬಿದ್ದಿದೆ? ಸೂರ್ಯ ಅದರ ಎದುರು ದಿಕ್ಕಿನಲ್ಲಿರುತ್ತಾನೆ. ತೆಂಗಿನ ಗರಿಗಳು ಯಾವ ಕಡೆ ವಾಲಿವೆ? ಬಾವುಟವೂ ಆ ಕಡೆಗೇ ಹಾರಬೇಕು.

ಇನ್ನೂ ಒಂದು ಸಂಗತಿ ನೋಡಲೇಬೇಕು. ಬಿಸಿಲು ಬಾವುಟದ ಮುಂದಿನಿಂದ ಬೀಳುತ್ತಿದೆಯೋ, ಹಿಂದಿನಿಂದ ತೂರಿ ಬರುತ್ತಿದೆಯೋ? ಮುಂದಿನಿಂದ ಬಿದ್ದರೆ ನೆರಿಗೆಯ ಉಬ್ಬು ಬೆಳ್ಳಗೆ, ತಗ್ಗು ಕಪ್ಪಗೆ ಕಾಣುತ್ತದೆ. ಹಿಂದಿನಿಂದ ಬಂದರೆ ಲೆಕ್ಕ ಬೇರೆ. ಒಂಟಿ ಪದರ ಇರುವಲ್ಲಿ ಬಟ್ಟೆ ದೀಪದ ಹಾಗೆ ಹೊಳೆಯುತ್ತದೆ, ಎರಡು ಪದರ ಒಂದರ ಮೇಲೊಂದು ಬಂದಲ್ಲಿ ಬಣ್ಣ ದಟ್ಟವಾಗಿ ಕಪ್ಪೇರುತ್ತದೆ. ಅಂಚಿನ ಹೊಲಿಗೆಯಲ್ಲಿ ಬಟ್ಟೆ ಮಡಚಿರುವುದರಿಂದ ಅಲ್ಲೊಂದು ಸಣ್ಣ ಗಾಢ ಗೆರೆ ಬರುತ್ತದೆ. ಬಹಳಷ್ಟು ಬದಲಿ ಬಾವುಟಗಳು ಸಿಕ್ಕಿಬೀಳುವುದು ಇಲ್ಲೇ: ಹಿಂದಿನ ಬೆಳಕಿನ ಫೋಟೊದಲ್ಲಿ ಮುಂದಿನ ಬೆಳಕಿನ ಬಾವುಟ ಕೂತಿರುತ್ತದೆ. ನಮ್ಮ ಫೋಟೊದಲ್ಲಿ ಬಿಸಿಲು ಎಡಗಡೆಯಿಂದ, ಸ್ವಲ್ಪ ಮುಂದಿನಿಂದ ಬೀಳುತ್ತಿದೆ.

ಹಳೆ ಬಾವುಟವನ್ನು ಎತ್ತಿಡಿ

ಪೆನ್ ಟೂಲ್‌ನಿಂದ ಬಾವುಟದ ಸುತ್ತ ಗೆರೆ ಹಾಕಿ, ಸೆಲೆಕ್ಷನ್ ಮಾಡಿ, Ctrl+J ಒತ್ತಿ. ಬಾವುಟ ಬೇರೆ ಲೇಯರ್‌ಗೆ ಬರುತ್ತದೆ. ಕಂಬ, ಹಗ್ಗ, ಹಗ್ಗದ ಗಂಟು ಇಷ್ಟನ್ನೂ ಇನ್ನೊಂದು ಲೇಯರ್‌ಗೆ ತೆಗೆದು ಎಲ್ಲಕ್ಕಿಂತ ಮೇಲಿಡಿ. ಹೊಸ ಬಾವುಟಕ್ಕೂ ಹಳೆಯ ಗಂಟೇ ಇದ್ದರೆ ಕಣ್ಣಿಗೆ ಅನುಮಾನ ಬರುವುದಿಲ್ಲ.

ಕೆಳಗಿನ ಮೂಲ ಫೋಟೊದ ನಕಲಿನಲ್ಲಿ ಬಾವುಟ ಇದ್ದ ಜಾಗಕ್ಕೆ ಆಕಾಶ ತುಂಬಿ. Content-Aware Fill ಸಾಕಾಗುತ್ತದೆ, ಆದರೆ ಕೆಲವೊಮ್ಮೆ ಅದು ತೆಂಗಿನ ಗರಿಯ ತುಂಡನ್ನು ಆಕಾಶದ ನಡುವೆ ತಂದಿಡುತ್ತದೆ. ಅಂಥದ್ದನ್ನು ಹೀಲಿಂಗ್ ಬ್ರಷ್‌ನಿಂದ ಅಳಿಸಿ.

ನೆರಿಗೆಯ ನಕ್ಷೆ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ನಮಗೆ ಬೇಕಿರುವುದು ಬಣ್ಣವಿಲ್ಲದ, ಉಬ್ಬು ತಗ್ಗು ಮಾತ್ರ ತೋರಿಸುವ ಬೂದು ಚಿತ್ರ. ಬಾವುಟವನ್ನು ಕಪ್ಪು ಬಿಳುಪು ಮಾಡಿದರೆ ಸಾಕಲ್ವಾ ಎನ್ನಿಸಬಹುದು. ಮಾಡಿ ನೋಡಿ, ತೊಂದರೆ ಗೊತ್ತಾಗುತ್ತದೆ. ಹಳದಿ ತಿಳಿ ಬೂದು, ಕೆಂಪು ಗಾಢ ಬೂದು ಆಗುತ್ತದೆ. ಎರಡರ ನಡುವಿನ ಗೆರೆ ದೊಡ್ಡದೊಂದು ಮಡಿಕೆಯ ಹಾಗೆ ಕಂಡು, ಹೊಸ ಬಾವುಟದ ಕೆಳಗಿನ ಅರ್ಧ ಪೂರ್ತಿ ನೆರಳಲ್ಲಿ ಮುಳುಗುತ್ತದೆ.

ಕನ್ನಡ ಬಾವುಟಕ್ಕೆ ಇದರ ಪರಿಹಾರ ತುಂಬ ಸುಲಭ. Channels ಪ್ಯಾನೆಲ್ ತೆರೆದು Red ಮಾತ್ರ ನೋಡಿ. ಪರದೆಯಲ್ಲಿ ಹಳದಿ ಬಣ್ಣ ಮೂಡುವುದು ಕೆಂಪು, ಹಸಿರು ಬೆಳಕು ಸೇರಿ. ಅಂದರೆ ಹಳದಿಯಲ್ಲೂ ಕೆಂಪು ತುಂಬ ಇದೆ, ಕುಂಕುಮದಲ್ಲಂತೂ ಇದ್ದೇ ಇದೆ. ಹಾಗಾಗಿ ಕೆಂಪು ಚಾನೆಲ್‌ನಲ್ಲಿ ಎರಡು ಪಟ್ಟಿಗಳ ವ್ಯತ್ಯಾಸ ಬಹುಮಟ್ಟಿಗೆ ಮಾಯವಾಗಿ, ನೆರಿಗೆ ಮಾತ್ರ ಉಳಿಯುತ್ತದೆ. ಸ್ವಲ್ಪ ವ್ಯತ್ಯಾಸ ಉಳಿದರೆ ಕೆಳಗಿನ ಅರ್ಧವನ್ನು ಸೆಲೆಕ್ಟ್ ಮಾಡಿ Levelsನಲ್ಲಿ ಮೇಲಿನದಕ್ಕೆ ಹೊಂದಿಸಿ. ತ್ರಿವರ್ಣ ಧ್ವಜಕ್ಕೆ ಈ ಉಪಾಯ ನಡೆಯುವುದಿಲ್ಲ. ಹಸಿರು ಪಟ್ಟಿ ಕೆಂಪು ಚಾನೆಲ್‌ನಲ್ಲಿ ಕಪ್ಪಾಗಿಬಿಡುತ್ತದೆ. ಅಲ್ಲಿ ಮೂರು ಪಟ್ಟಿಗಳನ್ನೂ ಬೇರೆ ಬೇರೆಯಾಗಿಯೇ ಹೊಂದಿಸಬೇಕು.

ಒಂದು ಎಚ್ಚರಿಕೆ. ಜೋರು ಬಿಸಿಲಿನ ಫೋಟೊದಲ್ಲಿ ಹಳದಿ ಭಾಗದ ಕೆಂಪು ಚಾನೆಲ್ 255 ಮುಟ್ಟಿ ಬರೀ ಬಿಳಿಯಾಗಿರಬಹುದು. ಆಗ ಅಲ್ಲಿ ನೆರಿಗೆಯೇ ಇರುವುದಿಲ್ಲ. ಹಾಗಿದ್ದರೆ ಹಳದಿ ಅರ್ಧವನ್ನು ಮಾತ್ರ Green ಚಾನೆಲ್‌ನಿಂದ ತೆಗೆದುಕೊಳ್ಳಿ.

ಈ ಚಾನೆಲ್ ಅನ್ನು ನಕಲು ಮಾಡಿ, ಫೋಟೊದಷ್ಟೇ ಅಳತೆಯ ಹೊಸ ಫೈಲ್‌ನಲ್ಲಿ ಅದೇ ಜಾಗದಲ್ಲಿ ಇಡಿ. ಬಾವುಟದ ಹೊರಗೆಲ್ಲ ನಡು ಬೂದು, ಅಂದರೆ #808080 ತುಂಬಿ. ನೆರಿಗೆಗಳ ಸರಾಸರಿಯೂ ಆ ನಡು ಬೂದಿನ ಹತ್ತಿರ ಬರುವಂತೆ Levels ಸರಿಸಿ. ಇದು ಯಾಕೆ ಮುಖ್ಯ ಎನ್ನುವುದು ಮುಂದೆ ತಿಳಿಯುತ್ತದೆ.

ಹರಿದುಹೋದ ತುದಿಗೆ ನೆರಿಗೆ ಇಲ್ಲವಲ್ಲ, ಅದನ್ನು ಕಟ್ಟಬೇಕು. ಪಕ್ಕದ ನೆರಿಗೆಗಳನ್ನೇ ಕ್ಲೋನ್ ಸ್ಟ್ಯಾಂಪ್‌ನಿಂದ ಎಳೆದು ಮುಂದುವರಿಸಿ. ಆದರೆ ಹಾಗೇ ಯಥಾವತ್ತಾಗಿ ಅಲ್ಲ. ಬಟ್ಟೆ ಕಂಬದ ಹತ್ತಿರ ಬಿಗಿಯಾಗಿರುತ್ತದೆ, ಅಲ್ಲಿ ಅಲೆ ಸಣ್ಣದು. ತುದಿಗೆ ಹೋದಂತೆ ಬಟ್ಟೆ ಸಡಿಲ, ಅಲೆ ದೊಡ್ಡದು. ಗಾಳಿ ಮೆಲ್ಲಗಿದ್ದರೆ ನೆರಿಗೆಗಳು ಮೇಲಿನ ಗಂಟಿನಿಂದ ಓರೆಯಾಗಿ ಕೆಳಗಿಳಿಯುತ್ತವೆ, ತುದಿ ಜೋತುಬೀಳುತ್ತದೆ. ಗಾಳಿ ಜೋರಿದ್ದರೆ ನೆರಿಗೆಗಳು ಕಂಬಕ್ಕೆ ಸುಮಾರಾಗಿ ಸಮಾನಾಂತರವಾಗಿ ಸಾಲುಗಟ್ಟುತ್ತವೆ. ಉಳಿದಿರುವ ಬಟ್ಟೆಯಲ್ಲಿ ಯಾವುದಿದೆಯೋ ಅದನ್ನೇ ಮುಂದುವರಿಸಿ.

ಕೊನೆಗೆ ಇದರ ಒಂದು ನಕಲಿಗೆ Gaussian Blur 4 ಅಥವಾ 5 ಪಿಕ್ಸೆಲ್ ಹಾಕಿ, ಎಲ್ಲ ಲೇಯರ್ ಸೇರಿಸಿ .psd ಆಗಿ ಉಳಿಸಿ. ಮಸುಕು ಮಾಡದಿದ್ದರೆ ಬಟ್ಟೆಯ ನೇಯ್ಗೆ, ಫೋಟೊದ ಕಾಳು ಕಾಳು ಎಲ್ಲವೂ ನೆರಿಗೆ ಎಂದಾಗಿ ಬಾವುಟದ ಅಂಚು ಗರಗಸದ ಹಾಗೆ ಬರುತ್ತದೆ. ಮಸುಕು ಮಾಡದ ಪ್ರತಿಯನ್ನೂ ಎತ್ತಿಡಿ, ಬೆಳಕಿಗೆ ಅದು ಬೇಕು.

ಹೊಸ ಬಟ್ಟೆ ಹೊದಿಸಿ

ಬಾವುಟವನ್ನು ನೀವೇ ಬರೆದುಕೊಳ್ಳಿ. ಮ. ರಾಮಮೂರ್ತಿ ಅವರು ರೂಪಿಸಿದ ಬಾವುಟ ಅಂದರೆ ಮೇಲೆ ಹಳದಿ, ಕೆಳಗೆ ಕೆಂಪು, ಎರಡೂ ಸಮ. ನೆಟ್‌ನಲ್ಲಿ ಹುಡುಕಿದರೆ ನಡುವೆ ಬಿಳಿ ಪಟ್ಟಿ, ಗಂಡಭೇರುಂಡ ಇರುವ ಇನ್ನೊಂದು ಸಿಗುತ್ತದೆ. ಅದು 2018ರಲ್ಲಿ ರಾಜ್ಯ ಸರ್ಕಾರ ಮುಂದಿಟ್ಟ ವಿನ್ಯಾಸ. ಕಂಬದಲ್ಲಿ ಇದ್ದದ್ದು ಯಾವುದೋ ಅದನ್ನೇ ಹಾಕಿ. ಅಚ್ಚ ಹಳದಿ, ಅಚ್ಚ ಕೆಂಪು ಬಳಸಬೇಡಿ. ಬಟ್ಟೆಗೆ ಅಷ್ಟು ಬಣ್ಣ ಇರುವುದಿಲ್ಲ. ನಾನು #F2C21A ಮತ್ತು #C4161Cನಿಂದ ಶುರುಮಾಡುತ್ತೇನೆ.

ಈಗ Edit > Transform > Warp. ಹಳೆ ಬಾವುಟದ ಲೇಯರ್ ಅನ್ನು ಅರ್ಧ ಪಾರದರ್ಶಕ ಮಾಡಿ ಮೇಲಿಟ್ಟುಕೊಂಡು, ಹೊಸದರ ಅಂಚನ್ನು ಅದರ ಅಂಚಿಗೆ ಕೂರಿಸಿ. ಎರಡು ಬಣ್ಣ ಸೇರುವ ಗೆರೆಯೂ ಹಳೆ ಗೆರೆಯ ಮೇಲೆ ಬರಬೇಕು. ಹರಿದ ಕಡೆ ಮೇಲಿನ ಅಂಚು, ಕೆಳಗಿನ ಅಂಚು ಹೋಗುತ್ತಿದ್ದ ದಿಕ್ಕಿನಲ್ಲೇ ಮುಂದುವರಿಸಿ.

ದೊಡ್ಡ ಆಕಾರ ಬಂತು, ಇನ್ನು ಸಣ್ಣ ಅಲೆ. ಲೇಯರ್‌ನ ಒಂದು ನಕಲು ಇಟ್ಟುಕೊಂಡು, Filter > Distort > Displace ತೆರೆಯಿರಿ. ಇದು ನಕ್ಷೆಯ ಬೂದು ಬಣ್ಣ ನೋಡಿ ಪಿಕ್ಸೆಲ್‌ಗಳನ್ನು ಸರಿಸುತ್ತದೆ. ನಡು ಬೂದು ಇದ್ದಲ್ಲಿ ಏನೂ ಕದಲುವುದಿಲ್ಲ. ಕಪ್ಪು ಒಂದು ಕಡೆಗೆ, ಬಿಳಿ ಅದರ ಎದುರು ಕಡೆಗೆ. ನಕ್ಷೆ ಪೂರ್ತಿ ತಿಳಿಯಾಗಿದ್ದರೆ ಇಡೀ ಬಾವುಟವೇ ಕಂಬ ಬಿಟ್ಟು ಜರುಗುತ್ತದೆ. ಸರಾಸರಿ ನಡು ಬೂದು ಇರಲಿ ಎಂದದ್ದು ಅದಕ್ಕೇ.

ಎಷ್ಟು ಸರಿಸಬೇಕು? Scale 100 ಕೊಟ್ಟರೆ ಹೆಚ್ಚೆಂದರೆ 128 ಪಿಕ್ಸೆಲ್ ಸರಿಯುತ್ತದೆ. 10 ಕೊಟ್ಟರೆ ಸುಮಾರು 13. ನಮ್ಮ ಬಾವುಟ 600 ಪಿಕ್ಸೆಲ್ ಅಗಲ ಇದೆ, ಅದಕ್ಕೆ Horizontal 4, Vertical 10 ಸಾಕು. ಮೇಲೆ ಕೆಳಗೆ ಸರಿಯುವುದು ಜಾಸ್ತಿ ಇರಲಿ, ಯಾಕೆಂದರೆ ಅಲೆ ಕಣ್ಣಿಗೆ ಕಾಣುವುದು ಹಳದಿ ಕೆಂಪು ಸೇರುವ ಗೆರೆಯಲ್ಲಿ. OK ಕೊಟ್ಟ ಮೇಲೆ ನಕ್ಷೆಯ .psd ಫೈಲ್ ಆರಿಸಿ. ಆ ಗೆರೆ ಹಳೆ ಬಾವುಟದ ಗೆರೆಗೆ ವಿರುದ್ಧವಾಗಿ ಬಳುಕಿದರೆ, ಹಿಂದೆ ಹೋಗಿ ಸಂಖ್ಯೆಯ ಮುಂದೆ ಮೈನಸ್ ಹಾಕಿ: -10. ಗಿಂಪ್ ಬಳಸುವವರಿಗೆ ಇದೇ ಕೆಲಸ Filters > Map > Displaceನಲ್ಲಿದೆ.

ಬೆಳಕು ಕೂರಿಸಿ

ಮಸುಕು ಮಾಡದ ನಕ್ಷೆಯನ್ನು ಹೊಸ ಬಾವುಟದ ಮೇಲಿನ ಲೇಯರ್‌ನಲ್ಲಿ ಇಟ್ಟು, Create Clipping Mask ಕೊಟ್ಟು, ಬ್ಲೆಂಡ್ ಮೋಡ್ Hard Light ಮಾಡಿ. ಇಲ್ಲೂ ನಡು ಬೂದು ಏನೂ ಮಾಡುವುದಿಲ್ಲ, ಅದಕ್ಕಿಂತ ತಿಳಿಯಾದದ್ದು ಬೆಳಕು ಕೊಡುತ್ತದೆ, ಗಾಢವಾದದ್ದು ನೆರಳು ಕೊಡುತ್ತದೆ. ಹಳೆ ಬಟ್ಟೆಯ ಬಿಸಿಲು ಹೊಸ ಬಟ್ಟೆಯ ಮೇಲೆ ಬಂತು. ಜಾಸ್ತಿ ಎನಿಸಿದರೆ ಒಪಾಸಿಟಿ 60, 70ಕ್ಕೆ ಇಳಿಸಿ.

ಹಳದಿಯ ನೆರಳು ಮಾತ್ರ ಈಗ ಹಸಿರು ಮಿಶ್ರಿತ ಕೊಳಕು ಬಣ್ಣಕ್ಕೆ ತಿರುಗಿರಬಹುದು. ಹಳದಿಗೆ ಕಪ್ಪು ಬೆರೆಸಿದರೆ ಹಾಗೇ ಆಗುವುದು. ನಿಜವಾದ ಬಟ್ಟೆಯ ಮಡಿಕೆಯೊಳಗೆ ಬೆಳಕು ಬಟ್ಟೆಯಿಂದ ಬಟ್ಟೆಗೆ ಬಡಿದು ಬರುತ್ತದೆ, ಆದ್ದರಿಂದ ನೆರಳಿಗೆ ಕಿತ್ತಳೆಯ ಛಾಯೆ ಇರುತ್ತದೆ. ಒಂದು Multiply ಲೇಯರ್ ಮಾಡಿ, ತಿಳಿ ಕಂದು ಬಣ್ಣದ ಮೆತ್ತನೆ ಬ್ರಷ್‌ನಿಂದ ಹಳದಿಯ ತಗ್ಗುಗಳಲ್ಲಿ ಒಮ್ಮೆ ಸವರಿ.

ಇನ್ನು ಇಡೀ ಫೋಟೊಗೆ ಹೊಂದುತ್ತಿದೆಯೇ ಎಂದು ಪರೀಕ್ಷೆ. ಎಲ್ಲದರ ಮೇಲೆ Black & White ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ ನೋಡಿ. ಬಸ್ ಸ್ಟ್ಯಾಂಡಿನ ಸುಣ್ಣದ ಗೋಡೆಗಿಂತ ಬಾವುಟ ಬೆಳ್ಳಗಿದ್ದರೆ ಬೆಳಕು ಹೆಚ್ಚಾಗಿದೆ. ಅದರ ಅತಿ ಗಾಢ ನೆರಳು ಅಷ್ಟೇ ದೂರದ ಮರದ ನೆರಳಿಗಿಂತ ಕಪ್ಪಗಿದ್ದರೆ ಅದೂ ತಪ್ಪು. ಸರಿಮಾಡಿ ಆ ಲೇಯರ್ ಅಳಿಸಿ. ನಂತರ ಅಂಚನ್ನು ಅರ್ಧ ಪಿಕ್ಸೆಲ್‌ನಿಂದ ಒಂದು ಪಿಕ್ಸೆಲ್ ಮಸುಕು ಮಾಡಿ, ಕಂಬದ ಅಂಚಿನ ಮೆತ್ತಗೆಗೆ ಹೊಂದಿಸಿ. Add Noiseನಿಂದ ಆಕಾಶದಲ್ಲಿರುವಷ್ಟೇ ಕಾಳನ್ನು ಬಾವುಟಕ್ಕೂ ಕೊಡಿ.

ನೆಲದ ನೆರಳು

ಮೊದಲ ಸಲ ನಾನು ಹೀಗೊಂದು ಬಾವುಟ ಬದಲಿಸಿದಾಗ ಎಲ್ಲ ಸರಿಯಾಗಿತ್ತು. ಪತ್ರಿಕೆ ಅಚ್ಚಾಗಿ ಬಂದ ಮೇಲೆ ಸಂಘದ ಹಿರಿಯರೊಬ್ಬರು ಗೋಡೆಯ ಮೇಲೆ ಬೆರಳಿಟ್ಟು, "ನೆರಳು ಹರಿದಿದೆಯಲ್ಲಪ್ಪಾ" ಎಂದರು. ಬಾವುಟ ಹೊಸದು, ಅದರ ನೆರಳು ಮಾತ್ರ ಹಳೆಯದು. ಅಂದಿನಿಂದ ನೆರಳನ್ನು ಹುಡುಕದೆ ಫೈಲ್ ಮುಚ್ಚುವುದಿಲ್ಲ. ಹರಿದ ಜಾಗದ ನೆರಳನ್ನು ಪಕ್ಕದ ನೆರಳಿನಿಂದಲೇ ಕ್ಲೋನ್ ಮಾಡಿ ತುಂಬಿ. ಅಂಚು ಮೆತ್ತಗಿರಲಿ, ಎತ್ತರದಿಂದ ಬೀಳುವ ನೆರಳಿನ ಅಂಚು ಚೂಪಾಗಿರುವುದಿಲ್ಲ. ಪಕ್ಕದಲ್ಲಿ ನಿಂತ ಬಸ್ಸಿನ ಗಾಜು, ಮಳೆ ನೀರಿನ ಹೊಂಡ ಇದ್ದರೆ ಅಲ್ಲೂ ಒಮ್ಮೆ ನೋಡಿ, ಹರಿದ ಬಾವುಟದ ಬಿಂಬ ಕಾಣಬಹುದು.

ಇದೇ ಫೋಟೊವನ್ನು ಸುದ್ದಿಗೆ ಕಳಿಸುವುದಾದರೆ ಮಾತ್ರ ಇದ್ಯಾವುದನ್ನೂ ಮಾಡಬೇಡಿ. ಬಸ್ ಸ್ಟ್ಯಾಂಡಿನ ಬಾವುಟ ಹರಿದಿದೆ ಎನ್ನುವುದೇ ಅಲ್ಲಿ ಸುದ್ದಿಯಾಗಿರಬಹುದು. ಮೂಲ ಫೋಟೊವನ್ನು ಬೇರೆ ಹೆಸರಿನಲ್ಲಿ ಹಾಗೇ ಉಳಿಸಿಡಿ.