ತುಂಗೆಯ ಜಲಾನಯನಕ್ಕೆ ಸರಾಸರಿ ಮಳೆ: ಥೀಸೆನ್ ಲೆಕ್ಕದಲ್ಲಿ ಆಗುಂಬೆಯ ಪಾಲು

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ ಸಾವಿರದ ಆಸುಪಾಸು. ಇಂಥ ಕಡೆ ಎಲ್ಲ ಕೇಂದ್ರಗಳ ಮಳೆ ಕೂಡಿಸಿ ಕೇಂದ್ರಗಳ ಸಂಖ್ಯೆಯಿಂದ ಭಾಗಿಸಿದರೆ, ಯಾವ ಮಾಪಕ ಎಷ್ಟು ನೆಲದ ಪರವಾಗಿ ಮಾತಾಡುತ್ತಿದೆ ಎಂಬುದೇ ಲೆಕ್ಕಕ್ಕೆ ಬರುವುದಿಲ್ಲ. ಥೀಸೆನ್ ವಿಧಾನ ಆ ಪಾಲನ್ನು ಕೊಡುತ್ತದೆ. ಜಲಾನಯನದ ಪ್ರತಿ ಜಾಗವೂ ತನಗೆ ಅತಿ ಹತ್ತಿರದ ಮಳೆಮಾಪಕಕ್ಕೆ ಸೇರುತ್ತದೆ. ಹಾಗೆ ಸೇರಿದ ನೆಲ ನಕ್ಷೆಯಲ್ಲಿ ಒಂದು ಬಹುಭುಜ, ಅದರ ವಿಸ್ತೀರ್ಣವೇ ಆ ಮಾಪಕದ ತೂಕ.

ಮಂಡಗದ್ದೆಯವರೆಗಿನ ತುಂಗೆಯನ್ನೇ ತೆಗೆದುಕೊಳ್ಳೋಣ. ಜಿಲ್ಲೆಯ ಗಡಿ ಇಲ್ಲಿ ಕೆಲಸಕ್ಕೆ ಬಾರದು. ಹೊಳೆ ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿ ಕಡೆಯಿಂದ ಬರುವುದರಿಂದ ಅಲ್ಲಿನ ಕೇಂದ್ರಗಳೂ ಬೇಕು. ಮಾಪಕ ಜಲಾನಯನದ ಒಳಗೇ ಇರಬೇಕೆಂದೂ ಇಲ್ಲ. ಗಡಿಯಾಚೆಯದು ಗಡಿಯೊಳಗಿನ ಒಂದಿಷ್ಟು ನೆಲಕ್ಕೆ ಅತಿ ಹತ್ತಿರವಿದ್ದರೆ ಅದಕ್ಕೂ ಪಾಲುಂಟು. ಆದ್ದರಿಂದ ನಾನು ಮೊದಲು ಬಹುಭುಜ ಎಳೆದು, ಆಮೇಲೆ ಗಡಿಗೆ ಕತ್ತರಿಸುತ್ತೇನೆ. ಕೇಂದ್ರಗಳನ್ನೇ ಮೊದಲು ಕತ್ತರಿಸಿಬಿಟ್ಟರೆ ಆ ಪಾಲು ಸದ್ದಿಲ್ಲದೆ ಬೇರೆಯವರಿಗೆ ಹೋಗುತ್ತದೆ.

ಎಳೆಯುವ ಮುಂಚೆ ಅಕ್ಷಾಂಶ ರೇಖಾಂಶ ನೋಡಿಕೊಳ್ಳಬೇಕು. ಆಗುಂಬೆಯ ಅಕ್ಷಾಂಶ ಸುಮಾರು 13 ಡಿಗ್ರಿ 30 ನಿಮಿಷ, ಅಂದರೆ 13.50. ಅದನ್ನು 13.30 ಎಂದು ಬರೆದಿರುವ ಪಟ್ಟಿಗಳು ಸಿಗುತ್ತವೆ. ಆಗ ಕೇಂದ್ರ 22 ಕಿ.ಮೀ. ದಕ್ಷಿಣಕ್ಕೆ ಜಾರುತ್ತದೆ, ಬಹುಭುಜವೂ ಅದರ ಹಿಂದೆ ಹೋಗುತ್ತದೆ. ದಶಮಾಂಶದ ನಂತರದ ಎರಡು ಅಂಕಿ ಯಾವ ಕೇಂದ್ರಕ್ಕೂ 59 ದಾಟಿಲ್ಲವೆಂದರೆ ಆ ಪಟ್ಟಿಯನ್ನು ಅನುಮಾನಿಸಿ.

ನಕ್ಷೆಯ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಕೇಂದ್ರಗಳ ಪದರ ಮತ್ತು ಗಡಿ ಎರಡನ್ನೂ ಮೀಟರ್ ಲೆಕ್ಕದ EPSG:32643ಕ್ಕೆ ಬದಲಿಸಿ, ನಂತರ Voronoi Polygons ಓಡಿಸುತ್ತೇನೆ. ಡಿಗ್ರಿಯಲ್ಲೇ ಬಿಟ್ಟರೆ ನಮ್ಮ ಅಕ್ಷಾಂಶದಲ್ಲಿ ಪೂರ್ವ-ಪಶ್ಚಿಮದ ಒಂದು ಡಿಗ್ರಿ, ಉತ್ತರ-ದಕ್ಷಿಣದ ಡಿಗ್ರಿಗಿಂತ ಶೇ. 3ರಷ್ಟು ಚಿಕ್ಕದು, ಗೆರೆಗಳು ಸ್ವಲ್ಪ ವಾಲುತ್ತವೆ. Buffer region 100 ಕೊಡಿ. ಸೊನ್ನೆಯಲ್ಲೇ ಬಿಟ್ಟರೆ ಬಹುಭುಜಗಳು ಅಂಚಿನ ಕೇಂದ್ರಗಳ ಚೌಕದಲ್ಲೇ ನಿಂತು, ಜಲಾನಯನದ ತುದಿಗಳು ಖಾಲಿ ಉಳಿಯಬಹುದು. Clip ಆದ ಮೇಲೆ ವಿಸ್ತೀರ್ಣ ತೆಗೆಯಿರಿ:

```
area($geometry)/1000000
```

ತುಂಡುಗಳ ಮೊತ್ತ ಜಲಾನಯನದ ಒಟ್ಟು ವಿಸ್ತೀರ್ಣಕ್ಕೆ ಸರಿಹೊಂದದಿದ್ದರೆ ಮುಂದೆ ಹೋಗಬೇಡಿ.

ಲೆಕ್ಕಕ್ಕೆ ದುಂಡು ಅಂಕಿ ಹಿಡಿಯೋಣ, ಇವು ಅಳತೆಯಲ್ಲ. ಒಟ್ಟು 1,000 ಚ.ಕಿ.ಮೀ.; ಶೃಂಗೇರಿಗೆ 400, ತೀರ್ಥಹಳ್ಳಿಗೆ 240, ಆಗುಂಬೆಗೆ 180, ಕೊಪ್ಪಕ್ಕೆ 180. ಅದೇ ಕ್ರಮದಲ್ಲಿ ಒಂದು ದಿನದ ಮಳೆ 110, 65, 240, 70 ಮಿ.ಮೀ. ಎಕ್ಸೆಲ್‌ನಲ್ಲಿ B ಕಂಬದಲ್ಲಿ ವಿಸ್ತೀರ್ಣ, Cಯಲ್ಲಿ ಮಳೆ:

```
=SUMPRODUCT(B2:B5,C2:C5)/SUM(B2:B5)
```

ಉತ್ತರ 115.4 ಮಿ.ಮೀ. ಬರಿ ಸರಾಸರಿಯಾಗಿದ್ದರೆ 121.3. ಅಂತರ ಸುಮಾರು 6 ಮಿ.ಮೀ., ಅಂದರೆ ಈ ವಿಸ್ತೀರ್ಣಕ್ಕೆ 0.2 ಟಿಎಂಸಿ ನೀರು.

ಈ ಸೂತ್ರದಲ್ಲಿ ಒಂದು ಅಪಾಯವಿದೆ. ಆಗುಂಬೆಯ ವರದಿ ಬಾರದೆ ಕೋಶ ಖಾಲಿ ಉಳಿದರೆ ಎಕ್ಸೆಲ್ ಅದನ್ನು ಸೊನ್ನೆ ಮಳೆ ಎಂದು ಓದುತ್ತದೆ. ವಿಸ್ತೀರ್ಣ ಮಾತ್ರ ಛೇದದಲ್ಲಿ ಉಳಿಯುತ್ತದೆ. ಉತ್ತರ 72.2ಕ್ಕೆ ಬೀಳುತ್ತದೆ, ದೋಷದ ಸೂಚನೆಯೂ ಬರುವುದಿಲ್ಲ. ಆ ದಿನಕ್ಕೆ ಆಗುಂಬೆ ಬಿಟ್ಟು ಹೊಸದಾಗಿ ಬಹುಭುಜ ಎಳೆಯುವುದು ಪಠ್ಯಪುಸ್ತಕದ ದಾರಿ. ಘಟ್ಟದ ಅಂಚಿನಲ್ಲಿ ನನಗದು ಒಪ್ಪಿಗೆಯಿಲ್ಲ, ಏಕೆಂದರೆ ಅಲ್ಲಿನ ನೆಲವೆಲ್ಲ ಕಡಿಮೆ ಮಳೆಯ ಕೇಂದ್ರಗಳ ಪಾಲಾಗುತ್ತದೆ. ಅದರ ಬದಲು ಪ್ರತಿ ನೆರೆ ಕೇಂದ್ರದ ಅಂದಿನ ಮಳೆಯನ್ನು ಅದರ ವಾಡಿಕೆ ವಾರ್ಷಿಕ ಮಳೆಯಿಂದ ಭಾಗಿಸಿ, ಆ ಅನುಪಾತಗಳ ಸರಾಸರಿಯನ್ನು ಆಗುಂಬೆಯ ವಾಡಿಕೆಯಿಂದ ಗುಣಿಸಿ ಖಾಲಿ ಜಾಗ ತುಂಬುತ್ತೇನೆ. ತೂಕಗಳು ಹಾಗೇ ಇರಲಿ.

ಬೇರೆ ಬೇರೆ ಮೂಲದ ಅಂಕಿ ಬೆರೆಸುವಾಗ ತಾರೀಖು ನೋಡಿ. ಮಳೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಅಳೆದ ದಿನದ ತಾರೀಖು ಹಾಕುವವರೂ ಇದ್ದಾರೆ, ಮಳೆ ಸುರಿದ ದಿನದ್ದು ಹಾಕುವವರೂ ಇದ್ದಾರೆ. ಒಂದು ಕೇಂದ್ರದ ದೊಡ್ಡ ಮಳೆಗಳು ಸದಾ ನೆರೆಯವರಿಗಿಂತ ಒಂದು ದಿನ ಆಚೀಚೆ ಬರುತ್ತಿದ್ದರೆ ಕಾರಣ ಅದೇ.

ಇಷ್ಟೆಲ್ಲ ಸರಿಯಿದ್ದರೂ ಮಲೆನಾಡಿನಲ್ಲಿ ಈ ವಿಧಾನಕ್ಕೆ ಒಂದು ಮಿತಿ ಉಳಿಯುತ್ತದೆ. ಅದಕ್ಕೆ ಗೊತ್ತಿರುವುದು ದೂರ ಮಾತ್ರ, ಘಟ್ಟವಲ್ಲ. ಆಗುಂಬೆ ಇರುವುದು ಅಂಚಿನಲ್ಲೇ. ಅದರ ಬಹುಭುಜದ ಪಡುವಣ ಭಾಗ ಕರಾವಳಿಗೆ ಇಳಿಯುವುದರಿಂದ ಕತ್ತರಿಸಿ ಹೋಗುತ್ತದೆ. ಉಳಿಯುವುದು ಮೂಡಣಕ್ಕೆ ಚಾಚಿದ, ಮಳೆ ಬೇಗ ಇಳಿಯುವ ನೆಲ. ಅಷ್ಟಕ್ಕೂ 240 ಮಿ.ಮೀ. ಹಚ್ಚಿದಂತಾಗುತ್ತದೆ. ನಡುವೆ ಮೇಗರವಳ್ಳಿಯಲ್ಲಿ ಒಂದು ಮಾಪಕ ಸೇರಿಸಿ, ಅದು ಆಗುಂಬೆಯ 180ರಲ್ಲಿ 100 ಚ.ಕಿ.ಮೀ. ಪಡೆದು 130 ಮಿ.ಮೀ. ತೋರಿಸಿತು ಎನ್ನೋಣ. ಸರಾಸರಿ 104.4ಕ್ಕೆ ಇಳಿಯುತ್ತದೆ. ಈ 11 ಮಿ.ಮೀ. ವ್ಯತ್ಯಾಸ, ಬರಿ ಸರಾಸರಿಗೂ ಥೀಸೆನ್‌ಗೂ ಇದ್ದ ಅಂತರದ ಸುಮಾರು ಎರಡರಷ್ಟು. ಹಾಗಾಗಿ ಗ್ರಾಮ ಪಂಚಾಯಿತಿ ಮಟ್ಟದ ಟೆಲಿಮೆಟ್ರಿಕ್ ಮಾಪಕಗಳ ಅಂಕಿ ಸಿಕ್ಕರೆ ಘಟ್ಟದ ಅಂಚಿನಿಂದ ಮೂಡಣಕ್ಕೆ ಮೊದಲ 20 ಕಿ.ಮೀ. ಒಳಗಿನವನ್ನು ಮೊದಲು ಸೇರಿಸಿ. ತೀರ್ಥಹಳ್ಳಿಯಿಂದ ಕೆಳಗಿನವು ಆಮೇಲೆ ಬಂದರೂ ನಡೆಯುತ್ತದೆ.