‘ನಡೆ’ ಎಂಬ ಒಂದೇ ಧಾತು, ಎಷ್ಟೊಂದು ಪದ: ಪದಕುಟುಂಬ ಕಟ್ಟುವುದು ಹೇಗೆ?

ಕಾರವಾರದ ಕಡೆ ಎಷ್ಟೋ ಮಕ್ಕಳು ಮನೆಯಲ್ಲಿ ಕೊಂಕಣಿ ಮಾತಾಡಿ, ಶಾಲೆಯಲ್ಲಿ ಕನ್ನಡ ಬರೆಯುತ್ತಾರೆ. ‘ಬರವಣಿಗೆ’, ‘ಬೆಳವಣಿಗೆ’ ಇದೆ ಅಂದಮೇಲೆ ‘ನಡವಣಿಗೆ’ ಯಾಕಿಲ್ಲ ಎಂದು ಅವರು ಕೇಳಿದರೆ, ಅದು ಒಳ್ಳೆಯ ಪ್ರಶ್ನೆ. ‘ನಡೆ’ ಎಂಬ ಒಂದೇ ಧಾತುವನ್ನು ಹಿಡಿದು ಇದಕ್ಕೆ ಉತ್ತರ ಹುಡುಕೋಣ.

ಮೊದಲು ಹಾಳೆಯ ನಡುವೆ ‘ನಡೆ’ ಎಂದು ಬರೆಯಿರಿ. ಕೆಳಗೆ ಅದರ ಭೂತಕಾಲದ ರೂಪ ‘ನಡೆದ’ ಇರಲಿ. ಇದು ಕಳ್ಳ ನೆಂಟರನ್ನು ಹೊರಗಿಡುವುದಕ್ಕೆ. ‘ನಡುಕ’ ನೋಡಲು ಇದೇ ಮನೆಯದು ಅನಿಸುತ್ತದೆ, ಅಲ್ವಾ? ಆದರೆ ಅದು ‘ನಡುಗು’ವಿನಿಂದ ಬಂದದ್ದು, ಅದರ ಭೂತಕಾಲ ‘ನಡುಗಿದ’. ‘ನಡುವೆ’ ಎಂಬುದಕ್ಕೆ ಮೂಲ ‘ನಡು’, ಅಂದರೆ ಮಧ್ಯ. ಎರಡನ್ನೂ ಹೊಡೆದುಹಾಕಿ.

ಈಗ ಬಲಗಡೆ ಪ್ರತ್ಯಯಗಳನ್ನು ಒಂದೊಂದಾಗಿ ಹಚ್ಚಿ. ‘ಸು’ ಹಚ್ಚಿದರೆ ‘ನಡೆಸು’. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ದೇವಸ್ಥಾನದವರು ಅದನ್ನು ನಡೆಸುತ್ತಾರೆ. ‘ಗೆ’ ಹಚ್ಚಿದರೆ ‘ನಡಿಗೆ’, ‘ತೆ’ ಹಚ್ಚಿದರೆ ‘ನಡತೆ’. ಧಾತುವಿನ ಕೊನೆಯ ‘ಎ’ ಎರಡು ಕಡೆಯೂ ಉಳಿಯಲಿಲ್ಲ, ಗಮನಿಸಿ. ‘ಅಳೆ’ಯಿಂದ ‘ಅಳತೆ’ ಆಗುವುದೂ ಹೀಗೆಯೇ. ಆಮೇಲೆ ‘ನಡವಳಿಕೆ’, ‘ನಡವಳಿ’.

ಪ್ರತಿ ಪದದ ಪಕ್ಕದಲ್ಲಿ ಅರ್ಥವನ್ನೂ ಬರೆಯಲೇಬೇಕು. ನಡಿಗೆ ಕಾಲಿನದು. ನಡತೆ ಗುಣದ್ದು. ನಡವಳಿಕೆ ಜನರ ಜೊತೆ ವರ್ತಿಸುವ ರೀತಿ. ನಡವಳಿ ಸಭೆಯದ್ದು, ಕಚೇರಿಯದ್ದು. ಸರ್ಕಾರಿ ಆದೇಶದ ತಲೆಯ ಮೇಲೆ ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂದು ಇರುವುದನ್ನು ನೀವು ನೋಡಿರಬಹುದು. ‘ನಡವಣಿಗೆ’ಯ ಗುಟ್ಟು ಇಲ್ಲೇ ಇದೆ. ಹೇಳಬೇಕಾದ ಅರ್ಥಗಳನ್ನೆಲ್ಲ ಈ ನಾಲ್ಕೂ ಹಂಚಿಕೊಂಡಿವೆ. ಹೊಸ ರೂಪಕ್ಕೆ ಮಾಡಲು ಕೆಲಸ ಉಳಿದಿಲ್ಲ, ಹಾಗಾಗಿ ಅದು ಬಳಕೆಗೆ ಬರಲಿಲ್ಲ.

ಎಡಗಡೆ, ಅಂದರೆ ಪದದ ಮುಂದೆ ಸೇರುವವು ಕನ್ನಡದಲ್ಲಿ ಕಡಿಮೆ. ‘ಮುಂದೆ’, ‘ಹಿಂದೆ’ ಎಂಬವು ಕುಗ್ಗಿ ‘ಮುನ್’, ‘ಹಿನ್’ ಆಗಿ ‘ಮುನ್ನಡೆ’, ‘ಹಿನ್ನಡೆ’ ಕೊಡುತ್ತವೆ. ಎರಡೂ ಅಸಲಿ ಪದಗಳೇ. ಆದರೆ ಅವು ಸಮಾನ ಜೋಡಿ ಎಂದು ನಂಬಬೇಡಿ. ಕ್ರಿಯಾಪದ ಮಾಡಿ ನೋಡಿ: ‘ಅವರು ತಂಡವನ್ನು ಮುನ್ನಡೆಸಿದರು’ ಎನ್ನುತ್ತೇವೆ. ‘ಹಿನ್ನಡೆಸಿದರು’ ಎಂದು ಯಾರೂ ಬರೆಯುವುದಿಲ್ಲ, ‘ಹಿನ್ನಡೆಯಾಯಿತು’ ಎಂದಷ್ಟೇ. ಒಂದು ರೂಪ ಇದೆ ಎಂದ ಮಾತ್ರಕ್ಕೆ ಅದರ ಜೋಡಿಯೂ ಇದೆ ಅಂತಲ್ಲ.

ಸಂಸ್ಕೃತದ ಉಪಸರ್ಗಗಳು ಸಾಮಾನ್ಯವಾಗಿ ಸಂಸ್ಕೃತ ಪದಗಳ ಜೊತೆಯೇ ಇರುತ್ತವೆ. ‘ಪ್ರನಡೆ’, ‘ಅನುನಡೆ’ ಎಂದರೆ ಕಿವಿಗೇ ಒಗ್ಗುವುದಿಲ್ಲ. ಆದರೂ ಸುಮ್ನೆ ನಿಯಮ ಹೇಳಿ ಮುಗಿಸಬೇಡಿ. ‘ದುರ್ನಡತೆ’ ಇದೆ. ‘ಸನ್ನಡತೆಯ ಆಧಾರದ ಮೇಲೆ ಕೈದಿಗಳ ಬಿಡುಗಡೆ’ ಎಂಬ ಸುದ್ದಿಯೂ ಪತ್ರಿಕೆಯಲ್ಲಿ ಬರುತ್ತದೆ. ಎರಡರಲ್ಲೂ ಕನ್ನಡದ ‘ನಡತೆ’ಗೆ ಸಂಸ್ಕೃತದ ತಲೆ. ಬೆರಕೆ ಎಂದು ಇವನ್ನು ತೆಗೆದುಹಾಕುವ ಮೇಷ್ಟ್ರುಗಳ ಮಾತು ನನಗೆ ಒಪ್ಪಿಗೆಯಿಲ್ಲ. ಜನ ಬಳಸುತ್ತಿದ್ದಾರೆ, ಅರ್ಥ ಖಚಿತವಾಗಿದೆ, ಇನ್ನೇನು ಬೇಕು?

ಕೊನೆಯ ಹಂತ ಪರೀಕ್ಷೆ. ಕಿಟ್ಟೆಲ್ಲರ 1894ರ ನಿಘಂಟು ಹಳೆಯ ರೂಪಗಳಿಗೆ ಒಳ್ಳೆಯದು. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ತಾಲೂಕು ಗ್ರಂಥಾಲಯದಲ್ಲಿ ಸಿಕ್ಕರೆ ಇನ್ನೂ ಅನುಕೂಲ. ಫೋನಿನಲ್ಲೇ ನೋಡುವವರಿಗೆ alar.ink ಇದೆ.

ನಿಘಂಟಿನಲ್ಲಿ ಇಲ್ಲದ್ದೆಲ್ಲ ಸುಳ್ಳು ಪದವಲ್ಲ ಎಂಬುದನ್ನು ಇಲ್ಲಿ ಜಾಸ್ತಿ ಒತ್ತಿ ಹೇಳಬೇಕು. ‘ವಿಕೆ’ ಎಂಬ ಪ್ರತ್ಯಯ ಹೆಚ್ಚುಕಡಿಮೆ ಎಲ್ಲ ಧಾತುವಿಗೂ ಹತ್ತುತ್ತದೆ: ನಡೆಯುವಿಕೆ, ನಡೆಸುವಿಕೆ, ಈಜುವಿಕೆ. ಇವನ್ನೆಲ್ಲ ನಿಘಂಟು ಅಚ್ಚು ಹಾಕುತ್ತಾ ಕೂರುವುದಿಲ್ಲ. ಅಲ್ಲಿ ಕಾಣದಿದ್ದರೂ ಅವು ಸರಿಯೇ. ‘ತೆ’, ‘ವಳಿ’ ಹಾಗಲ್ಲ. ಅವು ಕೆಲವೇ ಧಾತುಗಳ ಜೊತೆ ನಿಂತುಬಿಟ್ಟಿವೆ. ಅವುಗಳಿಂದ ನೀವು ಕಟ್ಟಿದ ರೂಪಕ್ಕೆ ನಿಘಂಟಿನಲ್ಲಾಗಲಿ, ಬೇರೆ ಬೇರೆ ಬರಹಗಾರರ ವಾಕ್ಯಗಳಲ್ಲಾಗಲಿ ಸಾಕ್ಷಿ ಸಿಗಲೇಬೇಕು.

ಹಾಳೆಯಲ್ಲಿ ಮೂರು ಗುರುತು ಸಾಕು: ಸಾಕ್ಷಿ ಇರುವುದಕ್ಕೆ ಸರಿ, ಇಲ್ಲದ್ದಕ್ಕೆ ತಪ್ಪು, ಅನುಮಾನ ಇರುವುದಕ್ಕೆ ಪ್ರಶ್ನೆ. ಆದರೆ ಊರಿನ ಆಡುಮಾತಿನ ರೂಪಕ್ಕೆ ಅವಸರದಲ್ಲಿ ತಪ್ಪು ಹಾಕಬೇಡಿ. ಹವ್ಯಕರ ಮಾತು, ಹಾಲಕ್ಕಿಗಳ ಮಾತು ಪುಸ್ತಕದ ಕನ್ನಡಕ್ಕಿಂತ ಬೇರೆ ರೂಪಗಳನ್ನು ಇಟ್ಟುಕೊಂಡಿವೆ. ಅಂಥದ್ದಕ್ಕೆ ಪ್ರಶ್ನೆ ಗುರುತು ಹಾಕಿ, ಯಾವ ಊರಲ್ಲಿ ಯಾರ ಬಾಯಲ್ಲಿ ಕೇಳಿದ್ದು ಎಂದು ಪಕ್ಕದಲ್ಲಿ ಬರೆದುಕೊಳ್ಳಿ.